ಸಾಲ ಅಲ್ಲ, ಬರೀ ಸಹಿ

ನಮ್ಮ ಕಲಬುರಗಿ ಕಡೆ ಹಿರಿಯರು ಹೆಣ್ಣು ನೋಡಲಿಕ್ಕೆ ಹೋಗುವ ಮೊದಲೇ ಅರ್ಧ ಲೆಕ್ಕ ಮುಗಿಸಿರುತ್ತಾರೆ. ಹುಡುಗನ ಊರಿನ ಒಬ್ಬರಿಗೆ ಫೋನ್ ಮಾಡುತ್ತಾರೆ. ಹೊಲ ಎಷ್ಟು, ನೀರಾವರಿಯೋ ಖುಷ್ಕಿಯೋ, ತಮ್ಮಂದಿರೆಷ್ಟು, ಇನ್ನೂ ಲಗ್ನಕ್ಕಿರುವ ತಂಗಿಯರೆಷ್ಟು, ಅಪ್ಪ ಯಾರ ಅಡತಿ ಅಂಗಡಿಯಲ್ಲಿ ಬಾಕಿ ಇಟ್ಟಿದ್ದಾನೆ ಎಂದು ವಿಚಾರಿಸುತ್ತಾರೆ. ಈ ವಿಚಾರಣೆಯಲ್ಲಿ ಜಾತಿ ಇರುತ್ತದೆ, ದುರಾಸೆ ಇರುತ್ತದೆ, ಎಷ್ಟೋ ಸಲ ಸುಳ್ಳೂ ಇರುತ್ತದೆ. ಆದರೂ ಯಾರೋ ಒಬ್ಬರು ಕೇಳಿರುತ್ತಾರೆ ಎಂಬುದು ನಿಜ. ತಾವಾಗಿಯೇ ಮೆಚ್ಚಿಕೊಂಡು ಮದುವೆಗೆ ನಿಂತ ಜೋಡಿಗೆ ಈ ಕೇಳುವವರೇ ಇರುವುದಿಲ್ಲ. ಮನೆಯವರು ಸಿಟ್ಟಿನಲ್ಲಿರುತ್ತಾರೆ, ಗೆಳೆಯರು ಸಾಕ್ಷಿ ಸಹಿ ಹಾಕುವ ಉಮೇದಿನಲ್ಲಿರುತ್ತಾರೆ. ಹುಡುಗ ಹುಡುಗಿಗೋ, ದುಡ್ಡಿನ ಮಾತೆತ್ತಿದರೆ ಪ್ರೀತಿಯ ತೂಕ ಕಡಿಮೆಯಾದೀತೆಂಬ ಅಂಜಿಕೆ.

ನಾನು ಬಹಳ ವರ್ಷ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆದವನು. ಈಗಲೂ ಪರಿಚಯದವರು ಕಾಗದ ಹಿಡಿದುಕೊಂಡು ಬರುತ್ತಾರೆ. ಹೋದ ವರ್ಷ ಹಾಗೆ ಬಂದ ಒಂದು ಜೋಡಿಯ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತೇನೆ. ಗುರುತು ಸಿಗಬಾರದೆಂದು ಅಂಕಿಗಳನ್ನು ಅಲ್ಪಸ್ವಲ್ಪ ಬದಲಿಸಿದ್ದೇನೆ, ಲೆಕ್ಕದ ಹದ ಹಾಗೇ ಇದೆ. ಹುಡುಗ ಆಳಂದ ತಾಲ್ಲೂಕಿನವನು. ಕಲಬುರಗಿಯಲ್ಲಿ ಖಾಸಗಿ ನೌಕರಿ, ಕೈಗೆ ಬರುವ ಪಗಾರ 34,000. ಹುಡುಗಿ ಹುಮನಾಬಾದ್ ಕಡೆಯವಳು. ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ, ಪಗಾರ 19,500. ಕಲಬುರಗಿಯ ಅಪ್ಪನ ಕೆರೆಯ ದಂಡೆಯ ಮೇಲೆ ಕೂತು ಎರಡು ವರ್ಷ ಮಾತಾಡಿದ್ದಾರೆ. ಒಬ್ಬರ ಪಗಾರ ಇನ್ನೊಬ್ಬರಿಗೆ ರೂಪಾಯಿ ಸಮೇತ ಗೊತ್ತು. ಅದೇ ಸಾಕು ಅಂದುಕೊಂಡಿದ್ದರು. ಬಂದದ್ದು ಮನೆ ಬಾಡಿಗೆ ಎಷ್ಟರತನಕ ಹಿಡಿಯಬಹುದು ಎಂದು ಕೇಳಲಿಕ್ಕೆ ಮಾತ್ರ.

ಹುಡುಗನ ಕಡೆಯಿಂದ ಶುರು ಮಾಡಿದೆವು. ಅಕ್ಕನ ಲಗ್ನಕ್ಕೆ ತೆಗೆದ ಎರಡು ಲಕ್ಷದ ವೈಯಕ್ತಿಕ ಸಾಲವಿದೆ. ಶೇಕಡಾ 14ರ ಬಡ್ಡಿ, ಮೂರು ವರ್ಷ, ತಿಂಗಳಿಗೆ 6,835 ಕಂತು. ಗಾಡಿಯ ಕಂತು 3,200, ಇನ್ನೂ ಎಂಟು ತಿಂಗಳು ಬಾಕಿ. ಊರಿಗೆ ಪ್ರತಿ ತಿಂಗಳು 8,000 ಕಳಿಸುತ್ತಾನೆ. ಕೋಣೆ ಬಾಡಿಗೆ, ಊಟ, ಪೆಟ್ರೋಲು ಎಲ್ಲ ಸೇರಿ 11,000. ಕಳೆದರೆ ಉಳಿಯುವುದು 4,965. ಬಿಗಿ ಇದೆ, ಆದರೆ ಇದೇನು ಗಾಬರಿ ಬೀಳುವ ಲೆಕ್ಕವಲ್ಲ. ಎಂಟು ತಿಂಗಳಿಗೆ ಗಾಡಿ ಸಾಲ ತೀರಿದರೆ ಎಂಟು ಸಾವಿರವಾಗುತ್ತದೆ.

ಆಮೇಲೆ ಅವನ ಫೋನಿನಲ್ಲೇ ಕ್ರೆಡಿಟ್ ವರದಿ ತೆಗೆಸಿದೆ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಕಟ್ಟಳೆಯೇ ಇದೆ. ಬಹಳ ಜನ ಅದರ ಮೇಲಿನ ಮೂರಂಕಿಯ ಸ್ಕೋರ್ ನೋಡಿ ಮುಚ್ಚಿಬಿಡುತ್ತಾರೆ. ನೋಡಬೇಕಾದದ್ದು ಕೆಳಗೆ, ಒಂದೊಂದು ಖಾತೆಯ ಎದುರು ಅದು ಯಾವ ಬಗೆಯ ಹೊಣೆ ಎಂದು ಬರೆದಿರುವಲ್ಲಿ. ಹುಡುಗನ ಮೂರನೇ ಖಾತೆಯ ಎದುರು `Guarantor` ಎಂದಿತ್ತು. ಸೋದರಮಾವನ ಮಗ ಟ್ರ್ಯಾಕ್ಟರಿಗೆ ತೆಗೆದ ನಾಲ್ಕು ಲಕ್ಷದ ಸಾಲ. ಬಾಕಿ 2,60,000. ಹಿಂದಿನ ಎರಡು ಕಂತು ತಡವಾಗಿ ಬಿದ್ದಿದ್ದವು.

ಹುಡುಗಿ ವರದಿಯನ್ನೂ ಅವನ ಮುಖವನ್ನೂ ನೋಡಿದಳು. ಅವನು ನಿಜವಾಗಿಯೂ ಮರೆತಿದ್ದ. "ಅದೇನ್ ಸಾಲ ಅಲ್ಲ, ಬರೀ ಸಹಿ ಅದ" ಅಂದ.

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಮ್ಮಲ್ಲಿ ಜಾಮೀನಿಗೆ ನಿಲ್ಲುವುದು ಸಾಲದ ವ್ಯವಹಾರ ಅಲ್ಲ, ಸಂಬಂಧದ ವ್ಯವಹಾರ. ಪಗಾರದ ಚೀಟಿ ಇರುವವನು ಕುಟುಂಬದಲ್ಲಿ ಒಬ್ಬನೇ ಆದಾಗ ಎಲ್ಲರ ಅರ್ಜಿಯ ಕೊನೆಯ ಪುಟವೂ ಅವನ ಕಡೆಗೇ ಬರುತ್ತದೆ. ಒಲ್ಲೆ ಅಂದರೆ ಮಾವನ ಮನೆ ಬಾಗಿಲು ಮುಚ್ಚಿದಂತೆ. ಆದರೆ 1872ರ ಕರಾರು ಕಾಯ್ದೆಯ 128ನೇ ಕಲಮು ಹೇಳುವುದು ಬೇರೆ. ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಸಾಲ ಕೊಟ್ಟವರು ಮೊದಲು ಮಾವನ ಮಗನ ಟ್ರ್ಯಾಕ್ಟರ್ ಮಾರಿ ನೋಡಿ, ಉಳಿದದ್ದನ್ನು ಇವನಲ್ಲಿ ಕೇಳಬೇಕೆಂದೇನಿಲ್ಲ. ನೇರವಾಗಿ ಇವನ ಹತ್ತಿರವೇ ಬರಬಹುದು. ಅವರಿಗೂ ಅದೇ ಸಲೀಸು, ಏಕೆಂದರೆ ಟ್ರ್ಯಾಕ್ಟರನ್ನು ಹುಡುಕಬೇಕು, ಪಗಾರ ಹುಡುಕುವ ಗೊಡವೆಯಿಲ್ಲ.

ಕೋರ್ಟಿನಲ್ಲಿ ಡಿಕ್ರಿಯಾಗಿ ಪಗಾರ ಜಪ್ತಿಗೆ ಬಂದರೆ ಎಷ್ಟು ಹೋಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಪಗಾರದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಪಾಲನ್ನು ಮುಟ್ಟುವಂತಿಲ್ಲ. 34,000ದಲ್ಲಿ ಸಾವಿರ ತೆಗೆದು ಉಳಿದ 33,000ದ ಮೂರನೇ ಒಂದು ಪಾಲು ಅಂದರೆ ತಿಂಗಳಿಗೆ 11,000. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳವರೆಗೆ ಹೀಗೆ ಹಿಡಿಯಬಹುದು. ಇವನ ಕೈಯಲ್ಲಿ ಉಳಿಯುವುದು 4,965. ಜಪ್ತಿಗೆ ಹೋಗುವುದು 11,000. ಮನೆ ಬಾಡಿಗೆ ಎಷ್ಟು ಹಿಡಿಯಬಹುದೆಂಬ ಪ್ರಶ್ನೆಗೆ ಉತ್ತರ ಈ ಎರಡು ಅಂಕಿಗಳ ನಡುವೆ ಬಿದ್ದಿತ್ತು.

ಸಹಿ ಹಿಂದಕ್ಕೆ ತೆಗೆದುಕೊಂಡರಾಯಿತಲ್ಲ ಎಂದು ಹುಡುಗಿ ಕೇಳಿದಳು. ಆಗುವುದಿಲ್ಲ. ಮುಂದೆ ಕೊಡುವ ಸಾಲಕ್ಕಾದರೆ ಜಾಮೀನು ನಿಲ್ಲಿಸಬಹುದು, ಈಗಾಗಲೇ ಕೊಟ್ಟು ಮುಗಿದ ಸಾಲಕ್ಕೆ ಒಬ್ಬನೇ ಕುಳಿತು ಕೈತೊಳೆದುಕೊಳ್ಳಲು ಬರುವುದಿಲ್ಲ. ಸಾಲ ಕೊಟ್ಟವರು ಒಪ್ಪಿ ಬೇರೆ ಜಾಮೀನುದಾರನನ್ನು ತೆಗೆದುಕೊಂಡರೆ ಮಾತ್ರ ಬಿಡುಗಡೆ. ಇವನೇ ಕಟ್ಟಬೇಕಾಗಿ ಬಂದರೆ ಆ ದುಡ್ಡನ್ನು ಮಾವನ ಮಗನಿಂದ ವಸೂಲು ಮಾಡುವ ಹಕ್ಕು ಕಾಯ್ದೆಯಲ್ಲಿ ಇದೆ. ಮಾವನ ಮಗನ ಮೇಲೆ ದಾವೆ ಹೂಡುವವರು ಇಲ್ಲಿ ಎಷ್ಟು ಮಂದಿ ಎಂಬುದು ಬೇರೆ ಮಾತು.

ಆ ದಿನ ಅವರಿಬ್ಬರ ನಡುವೆ ಜಗಳವಾಯಿತು. ಅವಳಿಗೆ ನೋವಾದದ್ದು ಎರಡು ಲಕ್ಷ ಅರವತ್ತು ಸಾವಿರಕ್ಕಲ್ಲ. "ಎರಡು ವರ್ಷದಾಗ ಮಾವನ ಮಗನ ಟ್ರ್ಯಾಕ್ಟರ್ ಸುದ್ದಿ ಹತ್ತು ಸಲ ಹೇಳೀದಿ, ಸಹಿ ಸುದ್ದಿ ಒಂದ್ಸಲಾನೂ ಹೇಳಲಿಲ್ಲ" ಅಂದಳು. ನನಗೂ ಅಲ್ಲೇ ವಿಷಯದ ಗಂಟು ಸಿಕ್ಕಂತಾಯಿತು. ಅವನು ಮುಚ್ಚಿಟ್ಟಿರಲಿಲ್ಲ. ಅವನ ಪ್ರಕಾರ ಸಾಲವೆಂದರೆ ತಾನು ಎಣಿಸಿಕೊಂಡ ನೋಟು. ಅವಳ ಪ್ರಕಾರ ಸಾಲವೆಂದರೆ ಮುಂದೆ ಇಬ್ಬರ ಅಡುಗೆಮನೆಯಿಂದ ಹೊರಗೆ ಹೋಗಬಹುದಾದ ದುಡ್ಡು. "ನಿನಗೇನಾದ್ರೂ ಸಾಲ ಅದ ಏನು?" ಎಂದು ಅವಳು ಹಿಂದೆ ಕೇಳಿದ್ದಾಗ ಅವನು ಪ್ರಾಮಾಣಿಕವಾಗಿಯೇ ಎರಡು ಸಾಲಗಳ ಹೆಸರು ಹೇಳಿದ್ದ. ಪ್ರಶ್ನೆಯೇ ಸಣ್ಣದಾಗಿತ್ತು. ಯಾರಿಗೆ ಏನು ಮಾತು ಕೊಟ್ಟಿದ್ದೀ, ಎಲ್ಲೆಲ್ಲಿ ಸಹಿ ಮಾಡಿದ್ದೀ ಎಂದು ಕೇಳಿದ್ದರೆ ಉತ್ತರ ಬೇರೆ ಬರುತ್ತಿತ್ತು.

ವರದಿಯಲ್ಲಿ ಕಾಣದೇ ಇರುವುದೂ ಬಹಳ ಇದೆ. ಹುಡುಗನ ಅಪ್ಪನಿಗೆ ತೊಗರಿ ಹೊಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಒಂದೂವರೆ ಲಕ್ಷದ ಬೆಳೆಸಾಲ. ರಾಜ್ಯದಲ್ಲಿ 2023ರಿಂದ ಐದು ಲಕ್ಷದವರೆಗೆ ಈ ಸಾಲಕ್ಕೆ ಬಡ್ಡಿಯಿಲ್ಲ, ಗಡುವಿನೊಳಗೆ ಕಟ್ಟಿದರೆ. ಈ "ಕಟ್ಟಿದರೆ"ಯಲ್ಲಿಯೇ ಎಲ್ಲ ಇದೆ. ತೊಗರಿ ಬಿತ್ತುವುದು ಜೂನ್-ಜುಲೈಯಲ್ಲಿ, ರಾಶಿ ಡಿಸೆಂಬರ್-ಜನವರಿಗೆ. ನೆಟೆ ರೋಗ ಹತ್ತಿ ನಿಂತ ಗಿಡ ಒಣಗಿದ ವರ್ಷ, ಅಥವಾ ಧಾರಣೆ ಬಿದ್ದ ವರ್ಷ, ಗಡುವಿಗೆ ಕೈಯಲ್ಲಿ ದುಡ್ಡಿರುವುದಿಲ್ಲ. ಆಗ ಅಪ್ಪ ಊರಲ್ಲಿ ನೂರಕ್ಕೆ ಮೂರರಂತೆ ಒಂದೂವರೆ ಲಕ್ಷ ಕೈಗಡ ತಂದು ಸಂಘಕ್ಕೆ ಕಟ್ಟುತ್ತಾನೆ. ಹೊಸ ಸಾಲ ಮಂಜೂರಾದ ಮೇಲೆ ಅದನ್ನೇ ತಂದು ಕೈಗಡ ತೀರಿಸುತ್ತಾನೆ. ನಡುವೆ ಹೋದದ್ದು ಹದಿನೈದು ದಿನವಾದರೂ ಬಡ್ಡಿ ಮಾತ್ರ ಪೂರ್ತಿ ತಿಂಗಳಿನದು, 4,500. ಕಾಗದದಲ್ಲಿ ಬಡ್ಡಿಯಿಲ್ಲದ ಸಾಲ, ಕೈಯಿಂದ ಅಂಥ ಪ್ರತಿ ವರ್ಷ ನಾಲ್ಕೂವರೆ ಸಾವಿರ. ಅದನ್ನು ಕಳಿಸುವವನು ಮಗ. "ಮಾರ್ಚ್ ತಿಂಗಳ ಸ್ವಲ್ಪ ಜಾಸ್ತಿ ಕಳಿಸ್ತೀನಿ" ಎಂದಷ್ಟೇ ಅವನಿಗೆ ಗೊತ್ತಿತ್ತು, ಯಾಕೆಂದು ಕೇಳಿರಲಿಲ್ಲ.

ಬೆಳೆಸಾಲ ಇದೆಯೋ ಇಲ್ಲವೋ ಎಂಬುದು ಪಹಣಿಯ 11ನೇ ಕಾಲಮಿನಲ್ಲಿ ಋಣದ ಕೆಳಗೆ ಬರುತ್ತದೆ. ಭೂಮಿ ಜಾಲತಾಣದಲ್ಲಿ ಯಾರಾದರೂ ನೋಡಬಹುದು. ಅಡತಿಯವನ ಮುಂಗಡ ಅಲ್ಲಿ ಬರುವುದಿಲ್ಲ. ಅದು ಕಾಣುವುದು ಗಂಜಿನಲ್ಲಿ ಮಾಲು ಮಾರಿದಾಗ ಕೊಡುವ ಪಟ್ಟಿಯಲ್ಲಿ. ತೂಕ, ಧಾರಣೆ, ಹಮಾಲಿ, ಅದರ ಕೆಳಗೆ ಮುಂಗಡದ ವಜಾ. ಹುಡುಗ ಊರಿಗೆ ಹೋಗಿ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಹಿಂದಿನ ವರ್ಷದ ಪಟ್ಟಿ ತಂದ. ಮಾಲಿನ ಕಿಮ್ಮತ್ತಿನಲ್ಲಿ ಮೂರರಲ್ಲಿ ಒಂದು ಪಾಲು ಅಲ್ಲಿಗಲ್ಲಿಗೇ ವಜಾ ಆಗಿತ್ತು. ತಿಂಗಳಿಗೆ ಕಳಿಸುವ 8,000 ಯಾಕೆ ಕಡಿಮೆಯಾಗುವುದಿಲ್ಲ ಎಂಬುದು ಆ ಎಣ್ಣೆ ಹತ್ತಿದ ಕಾಗದ ನೋಡಿದ ಮೇಲೆ ಅವನಿಗೇ ತಿಳಿಯಿತು.

ಅಪ್ಪನ ಸಾಲಕ್ಕೆ ಮಗ ಕಾನೂನಿನ ಪ್ರಕಾರ ಹೊಣೆಯೇ? 2005ರ ಸೆಪ್ಟೆಂಬರ್ 9ರ ನಂತರ ಮಾಡಿದ ಸಾಲಕ್ಕೆ, ಬರೀ ಮಗ ಎಂಬ ಕಾರಣಕ್ಕೆ ಹಿಂದೂ ಕುಟುಂಬದ ಮಗನನ್ನು ಹಿಡಿಯುವಂತಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಆ ಹಳೆಯ ಧರ್ಮಋಣದ ಕಟ್ಟನ್ನು ಬಿಚ್ಚಿತು. ಹೊಲ ಅವನ ಪಾಲಿಗೆ ಬಂದರೆ ಮಾತ್ರ, ಬಂದ ಆಸ್ತಿಯ ಮಟ್ಟಿಗೆ, ಸಾಲವೂ ಬರುತ್ತದೆ. ಸೊಸೆಗಂತೂ, ತಾನೇ ಸಹಿ ಮಾಡದ ಹೊರತು, ಏನೂ ಅಂಟುವುದಿಲ್ಲ. ಕಾನೂನು ಇಷ್ಟು ಸ್ಪಷ್ಟ. ಆದರೆ ನೆಟೆ ರೋಗ ಬಂದ ವರ್ಷ ಊರಿಂದ ಅವ್ವ ಫೋನ್ ಮಾಡಿದಾಗ ಯಾವ ಮಗನೂ 2005ರ ತಿದ್ದುಪಡಿ ಓದಿ ಹೇಳುವುದಿಲ್ಲ. ಕಾನೂನು ಬಿಟ್ಟುಕೊಟ್ಟ ಈ ಜಾಗವನ್ನು ಕಾಗದ ತುಂಬಲಾರದು. ಪಹಣಿ, ವರದಿ, ಪಟ್ಟಿ ಎಲ್ಲ ಸೇರಿದರೂ ಮಗ ಮನಸ್ಸಿನಲ್ಲಿ ಒಪ್ಪಿಕೊಂಡದ್ದು ಎಷ್ಟು ಎಂದು ಹೇಳುವುದಿಲ್ಲ. ಅದನ್ನು ಹೇಳಬಲ್ಲವನು ಅವನೊಬ್ಬನೇ, ಕೇಳುವ ಹಕ್ಕಿರುವವಳು ಅವಳೊಬ್ಬಳೇ. ಪ್ರೀತಿಯ ಮಾತುಕತೆಯೊಳಗೆ ಲೆಕ್ಕ ಬರಲೇಬೇಕು ಅನ್ನುವುದು ನಾನು ಈ ಕಾರಣಕ್ಕೆ.

ಇನ್ನು ಹುಡುಗಿಯ ಕಡೆ. ಎಲ್ಲರೂ ಹುಡುಗನ ಸಾಲವನ್ನಷ್ಟೇ ತಪಾಸು ಮಾಡುತ್ತಾರೆ, ಹುಡುಗಿಯದು "ಅವಳು ಬರುವವಳಲ್ಲವೇ" ಎಂದು ಬಿಟ್ಟುಬಿಡುತ್ತಾರೆ. ಇವಳ ಅಪ್ಪನಿಗೆ ಆಪರೇಷನ್ ಆದ ಮೇಲೆ ದುಡಿಯಲಾಗುತ್ತಿಲ್ಲ. ಆ ಆಪರೇಷನ್ನಿಗೆ ಅವ್ವನ ಬಂಗಾರ ಅಡವಿಟ್ಟು 1,20,000 ತಂದಿದ್ದಾರೆ, ಶೇಕಡಾ 12ರ ಬಡ್ಡಿ, ತಿಂಗಳಿಗೆ 1,200. ಅವ್ವ ಹೊಲಿಗೆ ಮಾಡಿ 4,500 ದುಡಿಯುತ್ತಾಳೆ. ಮೈಕ್ರೋಫೈನಾನ್ಸ್ ಗುಂಪಿನಲ್ಲಿ ಸಾಲ ಇದೆ, ವಾರಕ್ಕೆ 600, ತಿಂಗಳಿಗೆ ಸುಮಾರು 2,600. ಸಾಲ ಅವ್ವನ ಹೆಸರಿನಲ್ಲಿ, ಕಟ್ಟುವುದು ಮಗಳ ಪಗಾರದಲ್ಲಿ. ಹುಡುಗನ ಪ್ರಕಾರ ಇದು ಅವಳ ಸಾಲವೇ ಅಲ್ಲ. ಈ ಸಲ "ಬರೀ ಸಹಿ"ಯೂ ಇಲ್ಲ ನೋಡಿ.

ರಿಸರ್ವ್ ಬ್ಯಾಂಕಿನ 2022ರ ನಿಯಮಗಳಲ್ಲಿ ಇಲ್ಲೊಂದು ಸೂಕ್ಷ್ಮವಿದೆ, ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಮೈಕ್ರೋಫೈನಾನ್ಸ್ ಸಾಲ ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವಿರುವ ಮನೆಗೆ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಮನೆ ಎಂದರೆ ಯಾರು? ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಅವ್ವನಿಗೆ ಸಾಲ ಕೊಡುವಾಗ ಮಗಳ 19,500 ಮತ್ತು ಅವ್ವನ 4,500 ಸೇರಿ 24,000 ಎಂದು ಲೆಕ್ಕ ಹಿಡಿದಿದ್ದರು. ಅರ್ಧವೆಂದರೆ 12,000, ಬಡ್ಡಿ ಕಂತು ಸೇರಿ 3,800 ಅದರೊಳಗೆ ಆರಾಮಾಗಿ ಕೂರುತ್ತದೆ. ತಾಳಿ ಕಟ್ಟಿದ ದಿನ ಮಗಳು ಆ ಲೆಕ್ಕದಿಂದ ಹೊರಗೆ ಬರುತ್ತಾಳೆ. ಉಳಿದ ಆದಾಯ 4,500, ಅದರ ಅರ್ಧ 2,250. ಅದೇ 3,800 ಈಗ ಮಿತಿ ದಾಟಿತು. ಇರುವ ಸಾಲವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಆದರೆ ಮುಂದಿನ ಸಾಲ ಸಿಗುವುದು ಕಷ್ಟ. ಗುಂಪಿನವರಿಗೆ ಕಂತು ತಪ್ಪುವ ಅಂಜಿಕೆ ಆ ವಾರದಿಂದಲೇ ಶುರುವಾಗುತ್ತದೆ. ವಸೂಲಿಗೆ ಮನೆ ಬಾಗಿಲಿಗೆ ಬಂದು ಪೀಡಿಸುವುದರ ವಿರುದ್ಧ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ನಿಜ. ಗುಂಪಿನ ಹೆಣ್ಣುಮಕ್ಕಳು ಕಣ್ಣಲ್ಲೇ ಕೇಳುವುದನ್ನು ಸುಗ್ರೀವಾಜ್ಞೆ ತಡೆಯುವುದಿಲ್ಲ.

"ನಾ ಹೋದ ಮ್ಯಾಲ ನಮ್ಮವ್ವನ ಕಂತು ಯಾರ್ ಕಟ್ಟಬೇಕು, ಹೇಳು" ಎಂದು ಅವಳು ಕೇಳಿದಾಗ ಹುಡುಗ ತಕ್ಷಣ, "ನೀನೇ ಕಟ್ಟು, ನಾ ಏನ್ ಬ್ಯಾಡ ಅಂತೀನೇನು?" ಅಂದ. ಒಳ್ಳೆಯ ಹುಡುಗ. ಆದರೆ ಇದೂ ಅರ್ಧ ಉತ್ತರವೇ. ಸೊಸೆಯ ಪಗಾರ ತನ್ನ ಕೈಗೆ ಬರುತ್ತದೆಂದು ಆಳಂದದಲ್ಲಿ ಅವನ ಅವ್ವ ಎಣಿಸಿಕೊಂಡಿದ್ದರೆ? ತವರಿಗೆ 3,800 ಹೋಗುವುದು ಅತ್ತೆಗೆ ಮದುವೆಯಾದ ಆರು ತಿಂಗಳಿಗೆ ತಿಳಿದರೆ ಅದರ ಹೆಸರು "ಕದ್ದು ಕಳಿಸುವುದು" ಎಂದಾಗುತ್ತದೆ. ಮೊದಲೇ ಹೇಳಿದ್ದರೆ ಅದೇ 3,800 "ಅವ್ವನ ಕಂತು". ಹೆಸರು ಬದಲಾಗುವುದರಲ್ಲಿ ಎಷ್ಟು ಸಂಸಾರದ ನೆಮ್ಮದಿ ಇದೆಯೆಂದು ಸಂಘದ ಕೌಂಟರಿನಲ್ಲಿ ಕೂತವರಿಗೆ ಗೊತ್ತು.

ಒಂದು ಗೆರೆಯನ್ನು ಮಾತ್ರ ಇಲ್ಲಿ ದಪ್ಪಗೆ ಎಳೆಯಬೇಕು. ಇರುವ ಸಾಲವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಬೇರೆ, ಹುಡುಗನ ಸಾಲ ತೀರಿಸಲು ಹೆಣ್ಣಿನ ಮನೆಯವರು ಇಷ್ಟು ಕೊಡಲಿ ಅನ್ನುವುದು ಬೇರೆ. ಎರಡನೆಯದು 1961ರ ಕಾಯ್ದೆಯ ಪ್ರಕಾರ ವರದಕ್ಷಿಣೆಯ ಬೇಡಿಕೆಯೇ, ಎಷ್ಟು ನಯವಾಗಿ ಕೇಳಿದರೂ. ಬಂಗಾರದ ವಿಷಯವೂ ಹಾಗೇ. ಲಗ್ನದ ಬಾಕಿ ತೀರಿಸಲು ಮೊದಲು ಅಡವಿಗೆ ಹೋಗುವುದು ಹೊಸ ಸೊಸೆಯ ಮೈಮೇಲಿನದು. ಅದು ಸ್ತ್ರೀಧನ, ಗಂಡನಿಗೆ ಅದರ ಮೇಲೆ ಅಧಿಕಾರವಿಲ್ಲ, ಕಷ್ಟಕ್ಕೆ ಬಳಸಿದರೂ ಹಿಂದಿರುಗಿಸುವ ಹೊಣೆಯಿದೆ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಮತ್ತೊಮ್ಮೆ ಹೇಳಿದೆ. ನಮ್ಮ ಮುಸ್ಲಿಂ ನೆರೆಹೊರೆಯವರ ನಿಕಾಹದಲ್ಲಿ ಮೆಹರ್ ಎಷ್ಟೆಂದು ನಿಗದಿಯಾಗುತ್ತದೆ, ಅದು ಗಂಡ ಹೆಂಡತಿಗೆ ಕೊಡಬೇಕಾದ ಸಾಲವೆಂದೇ ಕಾನೂನು ಎಣಿಸುತ್ತದೆ. ಮದುವೆಯ ಮಾತಿನಲ್ಲಿ ದುಡ್ಡಿನ ಮಾತು ಬಂದರೆ ಅಪಶಕುನ ಅನ್ನುವವರು ಪಕ್ಕದ ಓಣಿಯ ಕಡೆ ಒಮ್ಮೆ ನೋಡಬಹುದು.

ಜೋಡಿಯ ವಿಷಯಕ್ಕೆ ಬರೋಣ. ಇಬ್ಬರೂ ತಮ್ಮ ತಮ್ಮ ವರದಿ ತಮ್ಮ ಫೋನಿನಲ್ಲೇ ತೆಗೆದು ಜೊತೆಗೆ ಕೂತು ಓದಿದರು. ಒಬ್ಬರ ಪಾಸ್‌ವರ್ಡು ಇನ್ನೊಬ್ಬರು ಕೇಳಲಿಲ್ಲ, ಅದು ಸರಿಯಾದ ಕ್ರಮ. ಸಕ್ಕರೆ ಶಾಸ್ತ್ರವನ್ನು ಗಾಡಿ ಸಾಲ ತೀರುವತನಕ ಮುಂದಕ್ಕೆ ಹಾಕಿದರು. ಶಾಸ್ತ್ರವಾದ ಮೇಲೆ ಇಂಥ ಮಾತು ತೆಗೆದರೆ ಎರಡೂ ಕಡೆಯ ಮಾನ ನಡುವೆ ಬಂದು ಕೂರುತ್ತದೆ, ಲೆಕ್ಕ ಹಿಂದೆ ಸರಿಯುತ್ತದೆ. ಹುಡುಗ ಮಾವನ ಮಗನನ್ನು ಕರೆದುಕೊಂಡು ಸಾಲ ಕೊಟ್ಟವರ ಹತ್ತಿರ ಹೋದ. ಟ್ರ್ಯಾಕ್ಟರಿನ ಬಾಕಿ ಎರಡು ಲಕ್ಷದೊಳಗೆ ಬಂದ ಮೇಲೆ ಬೇರೆ ಜಾಮೀನು ನೋಡೋಣ ಎಂದಿದ್ದಾರಂತೆ, ಬರೆದುಕೊಟ್ಟಿಲ್ಲ. ಅಲ್ಲಿಯತನಕ ಹುಡುಗಿಯ ಹೆಸರನ್ನು ಯಾವ ಸಾಲಕ್ಕೂ ಸಹಸಾಲಗಾರಳೆಂದು ಸೇರಿಸುವುದಿಲ್ಲ ಎಂದು ಇಬ್ಬರೂ ಒಪ್ಪಿಕೊಂಡಿದ್ದಾರೆ. ಅವ್ವನ ಕಂತಿನ ವಿಷಯವನ್ನು ಅವನು ಊರಿಗೆ ಹೋಗಿ ತನ್ನ ಅವ್ವನಿಗೆ ತಾನೇ ಹೇಳಿ ಬಂದ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ವರ್ಷ?" ಎಂದಷ್ಟೇ ಕೇಳಿದಳಂತೆ.

ಮೊನ್ನೆ ಮತ್ತೆ ಬಂದಿದ್ದರು. "ಕಾಕಾ, ಇದೊಂದು ಸ್ವಲ್ಪ ನೋಡ್ರಿ" ಎಂದು ನೂರು ಪುಟದ ಒಂದು ನೋಟ್‌ಬುಕ್ ಮುಂದಿಟ್ಟರು. ಎಡಗಡೆ ಅವನದು, ಬಲಗಡೆ ಅವಳದು. ಪ್ರತಿ ಸಾಲಿನ ಎದುರು ಮೊತ್ತ, ಯಾರಿಗೆ, ಯಾವಾಗ ತೀರುತ್ತದೆ ಎಂದು ಬರೆದಿತ್ತು. ಎಡಪುಟದ ಕೊನೆಗೆ "ಸಣ್ಣ ತಂಗಿಯ ಲಗ್ನ" ಎಂದು ಅವನ ಅಕ್ಷರದಲ್ಲಿತ್ತು. ಮೊತ್ತದ ಜಾಗದಲ್ಲಿ ಎರಡು ಬೇರೆ ಬೇರೆ ಅಂಕಿ, ಎರಡು ಬೇರೆ ಬೇರೆ ಪೆನ್ನಿನಲ್ಲಿ, ಎರಡನ್ನೂ ಹೊಡೆದುಹಾಕಿದ್ದರು.